ಮದ್ಯಪಾನ, ಗೊರಕೆ ಮತ್ತು ನಿದ್ರೆಯಲ್ಲಿ ಉಸಿರುಗಟ್ಟುವಿಕೆ

"ರಾತ್ರಿ ಸ್ವಲ್ಪ ತೆಗೆದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಕುಡಿದು ಮಲಗಿದವರು ಬೇಗನೆ ನಿದ್ರೆಗೆ ಜಾರುವುದನ್ನು, ಮರುಕ್ಷಣವೇ ಮನೆಯೆಲ್ಲ ಕೇಳುವಂತೆ ಗೊರಕೆ ಹೊಡೆಯುವುದನ್ನು ಕಂಡವರು "ಪಾಪ, ದಣಿದಿದ್ದಾರೆ, ಗಾಢ ನಿದ್ದೆಯಲ್ಲಿದ್ದಾರೆ" ಎಂದುಕೊಳ್ಳುವುದೂ ಸಹಜ. ಆದರೆ ಗೊರಕೆ ಗಾಢನಿದ್ರೆಯ ಲಕ್ಷಣವಲ್ಲ. ಅದು ಉಸಿರು ಸಾಗುವ ದಾರಿ ಕಿರಿದಾಗಿದೆ ಎಂಬುದರ ಸದ್ದು. ಮದ್ಯಪಾನ ಮಾಡಿದ ರಾತ್ರಿ ಆ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕೆಲವರಲ್ಲಿ ಮತ್ತೆ ಮತ್ತೆ ಪೂರ್ಣವಾಗಿ ಮುಚ್ಚಿಯೂ ಹೋಗುತ್ತದೆ. ಹೀಗೆ ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಥಿತಿಯನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎಂದು ಕರೆಯುತ್ತಾರೆ. ಮದ್ಯವು ಗಂಟಲಿನಲ್ಲಿ ಮಾಡುವುದೇನು, ಅದು ಎಷ್ಟು ಹೊತ್ತು ಇರುತ್ತದೆ, ಮನೆಯವರು ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಎಲುಬಿನ ಆಸರೆಯಿಲ್ಲದ ದಾರಿ

ನಾವು ಎಳೆದುಕೊಂಡ ಗಾಳಿ ಮೊದಲು ಮೂಗಿನೊಳಗೆ ಸಾಗುತ್ತದೆ. ಮೂಗಿನ ಗೋಡೆಗಳಿಗೆ ಎಲುಬು ಮತ್ತು ಮೃದ್ವಸ್ಥಿಯ ಆಸರೆಯಿದೆ. ಕೆಳಗೆ ಧ್ವನಿಪೆಟ್ಟಿಗೆಯನ್ನು ದಾಟಿದ ಮೇಲೆ ಬರುವ ಶ್ವಾಸನಾಳಕ್ಕೂ ಮೃದ್ವಸ್ಥಿಯ ಬಳೆಗಳ ಬಿಗಿಯಿದೆ. ಹೀಗಾಗಿ ಇವೆರಡೂ ಎಷ್ಟೇ ಜೋರಾಗಿ ಉಸಿರೆಳೆದರೂ ಕುಸಿಯುವುದಿಲ್ಲ. ಇವುಗಳ ನಡುವೆ, ಅಂಗುಳದ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗೆ ಇರುವ ಗಂಟಲಿನ ಭಾಗಕ್ಕೆ ಮಾತ್ರ ಇಂಥ ಗಟ್ಟಿ ಚೌಕಟ್ಟಿಲ್ಲ. ನುಂಗುವುದಕ್ಕೂ ಮಾತನಾಡುವುದಕ್ಕೂ ಈ ಭಾಗ ಕ್ಷಣಕ್ಷಣಕ್ಕೂ ಆಕಾರ ಬದಲಿಸಬೇಕು; ಎಲುಬಿನ ಬಿಗಿಯಿದ್ದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಆ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ, ಈ ದಾರಿಯನ್ನು ತೆರೆದಿಡುವ ಹೊಣೆ ಸಂಪೂರ್ಣವಾಗಿ ಸ್ನಾಯುಗಳ ಮೇಲೆ ಬಿದ್ದಿದೆ.

ಈ ಸ್ನಾಯುಗಳಲ್ಲಿ ಮುಖ್ಯವಾದುದು ನಾಲಿಗೆಯದು. ಜಿನಿಯೋಗ್ಲಾಸಸ್ ಎಂಬ ಹೆಸರಿನ ಈ ಸ್ನಾಯು ಗದ್ದದ ಒಳಭಾಗದಿಂದ ಹೊರಟು ಬೀಸಣಿಗೆಯಂತೆ ಹರಡಿ ನಾಲಿಗೆಯೊಳಗೆ ಸೇರುತ್ತದೆ. ಅದು ಬಿಗಿದುಕೊಂಡಾಗ ನಾಲಿಗೆಯ ಬುಡ ಮುಂದಕ್ಕೆ ಬರುತ್ತದೆ, ಹಿಂದಿನ ದಾರಿ ತೆರೆಯುತ್ತದೆ. ಪ್ರತಿ ಸಲ ಉಸಿರನ್ನು ಒಳಗೆಳೆಯುವಾಗ ಮೆದುಳಿನ ಕಾಂಡವು ಎರಡು ಆಜ್ಞೆಗಳನ್ನು ಕಳುಹಿಸುತ್ತದೆ. ಒಂದು, ಎದೆಗೂಡಿನ ಕೆಳಗಿರುವ ವಪೆಗೆ: "ಗಾಳಿಯನ್ನು ಎಳೆ". ಇನ್ನೊಂದು, ಅದಕ್ಕಿಂತ ತುಸು ಮುಂಚೆ, ನಾಲಿಗೆ ಮತ್ತು ಗಂಟಲಿನ ಸ್ನಾಯುಗಳಿಗೆ: "ದಾರಿ ಬಿಗಿ ಹಿಡಿ". ಈ ಎರಡರ ಹೊಂದಾಣಿಕೆಯಿಂದಲೇ ನಮ್ಮ ಉಸಿರಾಟ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಎಳನೀರನ್ನು ಕಾಗದದ ಕೊಳವೆಯಿಂದ ಕುಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಕೊಳವೆ ಹೊಸದಾಗಿ ಗಟ್ಟಿಯಾಗಿರುವಾಗ ಎಷ್ಟು ಹೀರಿದರೂ ನೀರು ಬರುತ್ತದೆ. ಅದು ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಗೋಡೆಗಳು ಒಳಗೆ ಅಂಟಿಕೊಂಡು ಕೊಳವೆ ಚಪ್ಪಟೆಯಾಗುತ್ತದೆ. ಇನ್ನೂ ಬಲವಾಗಿ ಹೀರಿದರೆ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಗಂಟಲಿನಲ್ಲಿಯೂ ಆಗುವುದು ಇದೇ. ವಪೆ ಗಾಳಿಯನ್ನು ಹೀರುತ್ತದೆ. ಗಂಟಲಿನ ಗೋಡೆ ಬಿಗಿಯಾಗಿದ್ದರೆ ಗಾಳಿ ಒಳಗೆ ಬರುತ್ತದೆ, ಮೆತ್ತಗಾಗಿದ್ದರೆ ಗೋಡೆಯೇ ಒಳಕ್ಕೆ ಬರುತ್ತದೆ.

ನಿದ್ರೆ ಬಂದೊಡನೆ ದೇಹದ ಎಲ್ಲ ಸ್ನಾಯುಗಳೂ ಒಂದಿಷ್ಟು ಸಡಿಲಗೊಳ್ಳುತ್ತವೆ. ಗಂಟಲಿನವೂ ಇದಕ್ಕೆ ಹೊರತಲ್ಲ. ಅಂಗಾತ ಮಲಗಿದರೆ ನಾಲಿಗೆ ತನ್ನ ಭಾರದಿಂದಲೇ ಹಿಂದಕ್ಕೆ ಸರಿಯುತ್ತದೆ. ದಾರಿ ಮೊದಲೇ ವಿಶಾಲವಾಗಿರುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕುತ್ತಿಗೆ ದಪ್ಪವಾಗಿರುವವರು, ಸ್ಥೂಲಕಾಯರು, ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿರುವವರು, ಟಾನ್ಸಿಲ್ ದೊಡ್ಡದಾಗಿರುವವರು - ಇವರಲ್ಲಿ ದಾರಿ ಅಷ್ಟರಿಂದಲೇ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿ ಮೃದು ಅಂಗುಳವನ್ನೂ ಕಿರುನಾಲಿಗೆಯನ್ನೂ ಪಟಪಟನೆ ಅದುರಿಸುತ್ತದೆ. ಆ ಅದುರುವಿಕೆಯೇ ಗೊರಕೆ.

ಮದ್ಯ ಮಾಡುವ ಮೂರು ಕೆಲಸಗಳು

ಇಂಥ ಗಂಟಲಿರುವವರು ಮದ್ಯಪಾನ ಮಾಡಿ ಮಲಗಿದರೆ ಏನಾಗುತ್ತದೆ? ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವೊಂದಿದೆ. ನರಕೋಶಗಳ ಚಟುವಟಿಕೆಯನ್ನು ತಗ್ಗಿಸಿ ಶಾಂತಗೊಳಿಸುವುದು ಅದರ ಕೆಲಸ. ಮದ್ಯಸಾರವು ಈ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. ಕುಡಿದವರ ನಡೆ ತೂರಾಡುವುದು, ಮಾತು ತೊದಲುವುದು ಬಹುಮಟ್ಟಿಗೆ ಇದರಿಂದಲೇ. ಮಾತು ತೊದಲುತ್ತದೆ ಎಂದರೆ ನಾಲಿಗೆಯ ಸ್ನಾಯುಗಳ ಮೇಲೆ ಮೆದುಳಿನ ಹಿಡಿತ ಸಡಿಲವಾಗಿದೆ ಎಂದೇ ಅರ್ಥ. ಎಚ್ಚರದಲ್ಲಿ ತೊದಲುವ ಅದೇ ನಾಲಿಗೆ ನಿದ್ರೆಯಲ್ಲಿ ಹಿಂದಕ್ಕೆ ಕುಸಿಯುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮದ್ಯವು ಉಸಿರಾಟದ ಎಲ್ಲ ಸ್ನಾಯುಗಳನ್ನೂ ಒಂದೇ ಪ್ರಮಾಣದಲ್ಲಿ ಸಡಿಲಗೊಳಿಸಿದ್ದರೆ ಹಾನಿ ಕಡಿಮೆಯಾಗುತ್ತಿತ್ತು. ಹೀರುವ ಬಲವೂ ತಗ್ಗುತ್ತಿತ್ತು, ದಾರಿಯ ಬಿಗಿಯೂ ತಗ್ಗುತ್ತಿತ್ತು. ಆದರೆ ಆರೋಗ್ಯವಂತರ ಮೇಲೆ ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮದ್ಯ ಸೇವನೆಯ ನಂತರ ನಾಲಿಗೆಯ ಜಿನಿಯೋಗ್ಲಾಸಸ್ ಸ್ನಾಯುವಿನ ಚಟುವಟಿಕೆ ವಿಶೇಷವಾಗಿ ಕುಗ್ಗುತ್ತದೆ, ಗಾಳಿಯನ್ನು ಎಳೆಯುವ ಕಾರ್ಯ ಅಷ್ಟಾಗಿ ಕುಗ್ಗುವುದಿಲ್ಲ ಎಂದು ತೋರಿಸಿತು. ಎಂದರೆ ವಪೆ ತನ್ನ ಬಲದಲ್ಲಿಯೇ ಹೀರುತ್ತಿರುತ್ತದೆ, ದಾರಿಯನ್ನು ಹಿಡಿದಿಡಬೇಕಾದ ನಾಲಿಗೆ ಮಾತ್ರ ಕೈಬಿಡುತ್ತದೆ. ನೆನೆದ ಕೊಳವೆಯನ್ನು ಹೊಸ ಕೊಳವೆಯಷ್ಟೇ ಜೋರಾಗಿ ಹೀರಿದಂತೆ. ಈ ಅಸಮತೋಲನವೇ ಮೊದಲ ಹಾನಿ.

ಎರಡನೆಯದು ಮೂಗಿನಲ್ಲಿ ಆಗುವಂಥದು. ಮದ್ಯವು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕುಡಿದವರ ಮುಖ ಕೆಂಪಾಗುವುದು ಇದರಿಂದ. ಮೂಗಿನ ಒಳಪೊರೆಯೂ ಹೀಗೆಯೇ ಊದಿಕೊಂಡು ಮೂಗು ಕಟ್ಟಿದಂತಾಗುತ್ತದೆ. ಮೇಲಿನ ದಾರಿ ಬಿಗಿಯಾದಷ್ಟೂ ವಪೆ ಹೆಚ್ಚು ಬಲದಿಂದ ಹೀರಬೇಕಾಗುತ್ತದೆ. ಹೀರಿದಷ್ಟೂ ಕೆಳಗಿನ ಮೆತ್ತನೆಯ ಗಂಟಲು ಒಳಕ್ಕೆ ಸೇದಿಕೊಳ್ಳುತ್ತದೆ. ಬಾಯಿ ತೆರೆದು ಉಸಿರಾಡಲು ಹೊರಟರೆ ಕೆಳದವಡೆ ಜಾರಿ ನಾಲಿಗೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಉಸಿರು ಕಟ್ಟಿದಾಗ ನಮ್ಮನ್ನು ಕಾಪಾಡುವುದು ಮೆದುಳಿನ ಎಚ್ಚರಿಕೆಯ ಗಂಟೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದಂತೆ, ಮುಚ್ಚಿದ ದಾರಿಯ ವಿರುದ್ಧ ಎದೆ ಏದುತ್ತಿದ್ದಂತೆ, ಮೆದುಳು ಕ್ಷಣಕಾಲ ಎಚ್ಚರಗೊಳ್ಳುತ್ತದೆ. ಗಂಟಲಿನ ಸ್ನಾಯುಗಳು ಥಟ್ಟನೆ ಬಿಗಿಯುತ್ತವೆ, ದಾರಿ ತೆರೆಯುತ್ತದೆ, ಒಂದು ದೊಡ್ಡ ಉಸಿರು ಒಳಗೆ ನುಗ್ಗುತ್ತದೆ. ಮಲಗಿದವರಿಗೆ ಇದು ನೆನಪಿನಲ್ಲಿ ಉಳಿಯುವುದೂ ಇಲ್ಲ. ಮದ್ಯವು ಈ ಗಂಟೆಯನ್ನೇ ಮಂದಗೊಳಿಸುತ್ತದೆ. ಸಾಮಾನ್ಯ ರಾತ್ರಿಯಲ್ಲಿ 15 ಸೆಕೆಂಡಿಗೆ ಎಚ್ಚರಿಸುತ್ತಿದ್ದ ಮೆದುಳು ಕುಡಿದ ರಾತ್ರಿ ಇನ್ನಷ್ಟು ಹೊತ್ತು ಸುಮ್ಮನಿರುತ್ತದೆ. ಆ ಹೆಚ್ಚುವರಿ ಹೊತ್ತಿನಲ್ಲಿ ರಕ್ತದ ಆಮ್ಲಜನಕ ಇನ್ನೂ ಕೆಳಗಿಳಿಯುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯರಾದ ಇಸ್ಸಾ ಮತ್ತು ಸಲಿವನ್ 1982ರಲ್ಲಿ ಇದನ್ನು ನಿದ್ರಾ ಪರೀಕ್ಷೆಯಲ್ಲಿ ಕಂಡು ದಾಖಲಿಸಿದರು. ಕೇವಲ ಗೊರಕೆ ಹೊಡೆಯುತ್ತಿದ್ದವರಲ್ಲಿ ಮದ್ಯ ಸೇವನೆಯ ನಂತರ ಉಸಿರು ಪೂರ್ಣವಾಗಿ ಕಟ್ಟತೊಡಗಿತು. ಮೊದಲೇ ಆ ತೊಂದರೆ ಇದ್ದವರಲ್ಲಿ ಉಸಿರುಕಟ್ಟುವಿಕೆ ಹೆಚ್ಚು ಹೊತ್ತಿನದೂ ಹೆಚ್ಚು ಸಂಖ್ಯೆಯದೂ ಆಯಿತು. ಗೊರಕೆ ಮತ್ತು ಸ್ಲೀಪ್ ಆಪ್ನಿಯಾ ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಇಳಿಜಾರಿನ ಎರಡು ಹಂತಗಳು. ಮೊದಲ ಹಂತದಲ್ಲಿರುವವರನ್ನು ಎರಡನೆಯದಕ್ಕೆ ತಳ್ಳಲು ಒಂದು ಸಂಜೆಯ ಮದ್ಯ ಸಾಕು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ರಾತ್ರಿಯ ಲೆಕ್ಕ

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಐವತ್ತೆರಡು ವಯಸ್ಸಿನ ಒಬ್ಬ ಮಂಡಿ ವ್ಯಾಪಾರಿಗಳು ಎಂದಿಟ್ಟುಕೊಳ್ಳಿ. ಎತ್ತರ 168 ಸೆಂ.ಮೀ., ತೂಕ 84 ಕಿಲೋ, ಅಂಗಿಯ ಕೊರಳಪಟ್ಟಿ 17 ಅಂಗುಲ. ಇಪ್ಪತ್ತು ವರ್ಷಗಳಿಂದ ಗೊರಕೆಯಿದೆ, ರಕ್ತದೊತ್ತಡಕ್ಕೆ ಮಾತ್ರೆಯಿದೆ. ರಾತ್ರಿ 9 ಗಂಟೆಗೆ ಕುಳಿತು ಒಂದು ಕ್ವಾರ್ಟರ್, ಎಂದರೆ 180 ಮಿ.ಲೀ. ವಿಸ್ಕಿ ಕುಡಿದು, ಊಟ ಮಾಡಿ, 10-30ಕ್ಕೆ ಮಲಗುತ್ತಾರೆ.

ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂಡಿ, ರಮ್ಮುಗಳ ಸೀಸೆಯ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದು ಬರೆದಿರುತ್ತದೆ. ನೂರು ಮಿ.ಲೀ.ಗೆ 42.8 ಮಿ.ಲೀ. ಶುದ್ಧ ಮದ್ಯಸಾರ ಎಂದು ಇದರ ಅರ್ಥ. ಅದರಂತೆ 180 ಮಿ.ಲೀ.ನಲ್ಲಿ ಸುಮಾರು 77 ಮಿ.ಲೀ. ಮದ್ಯಸಾರವಿದೆ. ಮದ್ಯಸಾರ ನೀರಿಗಿಂತ ಹಗುರವಾದುದರಿಂದ ಅದರ ತೂಕ ಸುಮಾರು 61 ಗ್ರಾಂ. ವಯಸ್ಕರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಕರಗಿಸಬಲ್ಲದು. ಇದನ್ನು 8 ಗ್ರಾಂ ಎಂದು ಹಿಡಿದರೆ 61 ಗ್ರಾಂ ಕರಗಲು ಏಳೂವರೆ ಗಂಟೆಗಿಂತ ಹೆಚ್ಚು ಬೇಕು. ರಾತ್ರಿ 9ಕ್ಕೆ ಆರಂಭವಾದುದು ಮುಗಿಯುವುದು ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ. ನಿಂಬೆಹಣ್ಣಿನ ರಸವಾಗಲಿ, ಮಜ್ಜಿಗೆಯಾಗಲಿ, ತಣ್ಣೀರಿನ ಸ್ನಾನವಾಗಲಿ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಅವರು ಮಲಗುವ 10-30ಕ್ಕೆ ಇನ್ನೂ ಸುಮಾರು 49 ಗ್ರಾಂ ಮದ್ಯಸಾರ ದೇಹದಲ್ಲಿದೆ. ಆದುದರಿಂದ ಮೊದಲ ಎರಡು-ಮೂರು ಗಂಟೆಗಳಲ್ಲಿ ಗಂಟಲು ಅತ್ಯಂತ ಸಡಿಲವಾಗಿರುತ್ತದೆ. ಪಕ್ಕದಲ್ಲಿ ಮಲಗಿದ ಪತ್ನಿಗೆ ಕೇಳಿಸುವುದು ಹೀಗೆ: ಗೊರಕೆ ಹಂತಹಂತವಾಗಿ ಏರುತ್ತದೆ, ಉತ್ತುಂಗಕ್ಕೆ ಹೋಗಿ ಒಮ್ಮೆಲೇ ನಿಂತುಬಿಡುತ್ತದೆ. ಕೋಣೆಯಲ್ಲಿ ಮೌನ. ಎದೆ ಮತ್ತು ಹೊಟ್ಟೆ ಮಾತ್ರ ಒಂದಕ್ಕೊಂದು ತಾಳ ತಪ್ಪಿದಂತೆ ಏರಿಳಿಯುತ್ತಿವೆ, ಮೂಗಿನ ಬಳಿ ಗಾಳಿಯಿಲ್ಲ. ಅರ್ಧ ನಿಮಿಷದ ಮೇಲೆ ಒಂದು ದೊಡ್ಡ ಸೀತ್ಕಾರ, ದೇಹದ ಒಂದು ಹೊರಳಾಟ, ಮತ್ತೆ ಗೊರಕೆ. ಇದೇ ಚಕ್ರ ಮತ್ತೆ ಮತ್ತೆ.

ನಡುರಾತ್ರಿ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ನಮಗೆ ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯ ಹಂತವೊಂದಿದೆ. ಆ ಹಂತದಲ್ಲಿ ಕೈಕಾಲುಗಳ ಸ್ನಾಯುಗಳಂತೆ ಗಂಟಲಿನ ಸ್ನಾಯುಗಳೂ ಸ್ವಭಾವತಃ ಬಹಳ ಸಡಿಲವಾಗುತ್ತವೆ. ಮದ್ಯವು ರಾತ್ರಿಯ ಮೊದಲರ್ಧದಲ್ಲಿ ಈ ಕನಸಿನ ನಿದ್ರೆಯನ್ನು ತಡೆಹಿಡಿಯುತ್ತದೆ. ಮದ್ಯಸಾರ ಇಳಿದಂತೆ ತಡೆಹಿಡಿದದ್ದು ಬಡ್ಡಿ ಸಮೇತ ಮರಳುತ್ತದೆ. ನಿದ್ರೆ ತುಂಡು ತುಂಡಾಗುತ್ತದೆ, ಕನಸುಗಳು ಮುತ್ತುತ್ತವೆ, ಬೆವರು, ಬಾಯಾರಿಕೆ, ಮೂರು ಗಂಟೆಗೆ ಎಚ್ಚರ. ಹೀಗಾಗಿ ಮದ್ಯದ ನೇರ ಪರಿಣಾಮ ಇಳಿದ ಮೇಲೂ ಉಸಿರು ಕಟ್ಟುವುದು ನಿಲ್ಲುವುದಿಲ್ಲ. ಆದರೆ ಬೆಳಿಗ್ಗೆ ಎದ್ದವರಿಗೆ ನೆನಪಿರುವುದು ಬೇಗ ನಿದ್ದೆ ಬಂದದ್ದು ಮಾತ್ರ. "ಕುಡಿದರೆ ಒಳ್ಳೆಯ ನಿದ್ದೆ" ಎಂಬ ನಂಬಿಕೆ ಉಳಿದುಕೊಂಡಿರುವುದು ಈ ಕಾರಣದಿಂದ. ಬೇಗ ನಿದ್ದೆ ಬರುವುದು ಬೇರೆ, ನಿದ್ದೆ ಚೆನ್ನಾಗಿ ಆಗುವುದು ಬೇರೆ.

ಇದೇ ಗೃಹಸ್ಥರು 90 ಮಿ.ಲೀ. ಮಾತ್ರ ಕುಡಿದಿದ್ದರೂ 30 ಗ್ರಾಂ ಮದ್ಯಸಾರ ಕರಗಲು ಒಂದು ಗಂಟೆ ರಾತ್ರಿಯ ತನಕ ಸಮಯ ಬೇಕಿತ್ತು. ಮಲಗುವಾಗ ಅರ್ಧಕ್ಕಿಂತ ಹೆಚ್ಚು ದೇಹದಲ್ಲಿಯೇ ಇರುತ್ತಿತ್ತು. ಪ್ರಮಾಣ ಎಷ್ಟು ಎಂಬುದರಷ್ಟೇ, ಮಲಗುವ ಹೊತ್ತಿಗೆ ಎಷ್ಟು ಉಳಿದಿದೆ ಎಂಬುದೂ ಗಂಟಲಿಗೆ ಮುಖ್ಯ. "ಮಲಗುವ ಮುನ್ನ ಒಂದೇ ಒಂದು" ಎಂಬ ಅಭ್ಯಾಸ ಈ ದೃಷ್ಟಿಯಿಂದ ಅತ್ಯಂತ ಕೆಟ್ಟ ಹೊತ್ತನ್ನು ಆರಿಸಿಕೊಂಡಂತೆ. ಈ ಲೆಕ್ಕವು ಅರ್ಥಮಾಡಿಕೊಳ್ಳಲಿಕ್ಕೆ ಮಾತ್ರ. ಇಷ್ಟು ಕುಡಿದರೆ ಸುರಕ್ಷಿತ ಎಂದು ಇದರಿಂದ ತಿಳಿಯಬಾರದು. ಯಕೃತ್ತಿನ ಕಾಯಿಲೆಯಿರುವವರಲ್ಲಿ ಮದ್ಯಸಾರ ಕರಗುವುದು ಇನ್ನೂ ನಿಧಾನ. ಕಡಿಮೆ ತೂಕದವರಲ್ಲಿಯೂ ಮಹಿಳೆಯರಲ್ಲಿಯೂ ಅಷ್ಟೇ ಪ್ರಮಾಣದಿಂದ ರಕ್ತದಲ್ಲಿ ಹೆಚ್ಚಿನ ಮಟ್ಟ ಉಂಟಾಗುತ್ತದೆ.

ಮನೆಯವರು ಗುರುತಿಸುವುದು ಹೇಗೆ

ಈ ಕಾಯಿಲೆಯಲ್ಲಿ ರೋಗಿಯೇ ಸಾಕ್ಷಿಯಾಗಲಾರ, ಅವನು ಮಲಗಿರುತ್ತಾನೆ. ಮೊದಲು ಕಾಣುವವರು ಮನೆಯವರೇ. ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ವೈದ್ಯರು ಅದನ್ನು ಒಂದು ಉಸಿರುಕಟ್ಟುವಿಕೆ ಎಂದು ಎಣಿಸುತ್ತಾರೆ. ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಿದರೆ ತಿಳಿಯುತ್ತದೆ. ಉಸಿರು ಪೂರ್ಣ ನಿಲ್ಲುವುದನ್ನೂ ಬಹುವಾಗಿ ತಗ್ಗುವುದನ್ನೂ ಕೂಡಿಸಿ, ಗಂಟೆಗೆ 5ರಿಂದ 15ರೊಳಗೆ ಇದ್ದರೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವಿಂಗಡಿಸುತ್ತಾರೆ. ಮನೆಯಲ್ಲಿ ಇಷ್ಟು ಕರಾರುವಾಕ್ಕಾಗಿ ಎಣಿಸಬೇಕಾಗಿಲ್ಲ. ಮೊಬೈಲನ್ನು ಹಾಸಿಗೆಯ ಬಳಿಯಿಟ್ಟು, ಕುಡಿದ ಒಂದು ರಾತ್ರಿಯ ಮತ್ತು ಕುಡಿಯದ ಒಂದು ರಾತ್ರಿಯ ಸದ್ದನ್ನು ಮಲಗಿದ ಎರಡು ಗಂಟೆಗಳ ಕಾಲ ಧ್ವನಿಮುದ್ರಿಸಿದರೆ ಸಾಕು. ನೂರು ಬಾರಿ ಹೇಳಿದರೂ ನಂಬದವರು ತಮ್ಮದೇ ಉಸಿರು ನಿಂತ ಮೌನವನ್ನು ಕೇಳಿದಾಗ ನಂಬುತ್ತಾರೆ. ವೈದ್ಯರ ಬಳಿ ಹೋಗುವಾಗಲೂ ಈ ಧ್ವನಿಮುದ್ರಣ ಉಪಯುಕ್ತ.

ಹಗಲಿನ ಲಕ್ಷಣಗಳೂ ಇವೆ. ಬೆಳಿಗ್ಗೆ ಏಳುವಾಗ ತಲೆನೋವು, ಒಣಗಿದ ಬಾಯಿ, ರಾತ್ರಿ ಮೂರ್ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ಎಷ್ಟು ಮಲಗಿದರೂ ನೀಗದ ಆಯಾಸ, ಅಂಗಡಿಯಲ್ಲಿ ಕುಳಿತಲ್ಲಿಯೇ ತೂಕಡಿಕೆ, ಮರೆವು, ಸಿಡುಕು. ಕುಡಿಯುವವರು ಇವನ್ನೆಲ್ಲ "ನಿನ್ನೆಯದು ಹೆಚ್ಚಾಯಿತು" ಎಂದು ತಳ್ಳಿಹಾಕುತ್ತಾರೆ. ಕುಡಿಯದ ದಿನಗಳ ಮರುಬೆಳಿಗ್ಗೆಯೂ ಇವು ಇದ್ದರೆ ಅದು ಅಮಲಿನ ಉಳಿಕೆಯಲ್ಲ, ಉಸಿರಿನ ತೊಂದರೆ ಎಂದು ಶಂಕಿಸಬೇಕು. ಇನ್ನೊಂದು ಮುಖ್ಯ ಸುಳಿವೆಂದರೆ ಮಾತ್ರೆಗೆ ಬಗ್ಗದ ರಕ್ತದೊತ್ತಡ. ಪ್ರತಿ ಬಾರಿ ಉಸಿರು ಕಟ್ಟಿದಾಗಲೂ ದೇಹವು ಅಪಾಯಕ್ಕೆ ಸಿಕ್ಕಿದಂತೆ ಅಡ್ರಿನಲಿನ್ ಸುರಿಸುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ರಾತ್ರಿಯೆಲ್ಲ ನೂರಾರು ಬಾರಿ ಹೀಗಾದರೆ ಹಗಲಿನಲ್ಲಿಯೂ ಅದು ಇಳಿಯುವುದಿಲ್ಲ. ಹೃದಯದ ಬಡಿತದ ಲಯ ತಪ್ಪುವುದು, ಲಕ್ವ ಹೊಡೆಯುವುದು - ಇವುಗಳ ಸಾಧ್ಯತೆಯೂ ಹೆಚ್ಚುತ್ತದೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಓಡಿಸುವವರಲ್ಲಿ ಹಗಲಿನ ತೂಕಡಿಕೆ ತನ್ನ ಜೀವದ ಜೊತೆಗೆ ಇತರರ ಜೀವವನ್ನೂ ತೆಗೆಯಬಲ್ಲದು. ಹಿಂದಿನ ರಾತ್ರಿಯ ಮದ್ಯಸಾರ ರಕ್ತದಿಂದ ಇಳಿದಿದ್ದರೂ ಕಳೆದುಕೊಂಡ ನಿದ್ರೆ ಮರಳಿ ಬಂದಿರುವುದಿಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ಶಂಕೆಯಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಅಥವಾ ಶ್ವಾಸಕೋಶ ತಜ್ಞರನ್ನು ಕಾಣಬೇಕು. ಅವರು ನಿದ್ರಾ ಪರೀಕ್ಷೆಗೆ ಸೂಚಿಸುತ್ತಾರೆ. ಒಂದು ರಾತ್ರಿ ಮಲಗಿದಾಗ ಉಸಿರಿನ ಹರಿವು, ಎದೆಯ ಚಲನೆ, ಬೆರಳಿಗೆ ಸಿಕ್ಕಿಸಿದ ಸಾಧನದಿಂದ ಆಮ್ಲಜನಕದ ಮಟ್ಟ ಇವನ್ನೆಲ್ಲ ದಾಖಲಿಸುವ ಪರೀಕ್ಷೆಯಿದು. ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನು ಹೇಳಲೇಬೇಕು. ದಿನವೂ ಕುಡಿಯುವವರು ಪರೀಕ್ಷೆಯ ರಾತ್ರಿ ಮಾತ್ರ ಕುಡಿಯದೆ ಹೋಗುತ್ತಾರೆ, ಕುಡಿಯುವ ವಿಷಯವನ್ನು ಸಂಕೋಚದಿಂದ ಹೇಳುವುದೂ ಇಲ್ಲ. ಗಂಟಲು ಅಂದು ಅಷ್ಟು ಸಡಿಲವಾಗಿರುವುದಿಲ್ಲ. ಫಲಿತಾಂಶ "ಸೌಮ್ಯ" ಎಂದು ಬರಬಹುದು. ಆದರೆ ಅವರು ವಾರದಲ್ಲಿ ಆರು ರಾತ್ರಿ ಕಳೆಯುವುದು ಬೇರೆಯೇ ಗಂಟಲಿನೊಡನೆ. ಆದುದರಿಂದ ಎಷ್ಟು, ಯಾವ ಹೊತ್ತಿಗೆ, ವಾರಕ್ಕೆ ಎಷ್ಟು ದಿನ ಎಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೇಳುವುದಕ್ಕೆ ರೋಗಿಗೆ ನಾಚಿಕೆಯಾದರೆ ಜೊತೆಗೆ ಹೋದ ಮನೆಯವರು ಹೇಳಬೇಕು.

ಮಧ್ಯಮ ಮತ್ತು ತೀವ್ರ ಹಂತದವರಿಗೆ ಸಾಮಾನ್ಯವಾಗಿ ಸಿಪ್ಯಾಪ್ ಎಂಬ ಯಂತ್ರವನ್ನು ಸೂಚಿಸುತ್ತಾರೆ. ಮೇಲೆ ಹೇಳಿದ ಸಿಡ್ನಿಯ ಕಾಲಿನ್ ಸಲಿವನ್ ಅವರೇ 1981ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದವರು. ಮೂಗಿಗೆ ಹಾಕಿದ ಮುಸುಕಿನ ಮೂಲಕ ಯಂತ್ರವು ಮೃದುವಾದ ಒತ್ತಡದಲ್ಲಿ ಗಾಳಿಯನ್ನು ಕಳುಹಿಸುತ್ತಿರುತ್ತದೆ. ಆ ಗಾಳಿಯ ಒತ್ತಡವೇ ಮೆತ್ತನೆಯ ಗಂಟಲನ್ನು ಒಳಗಿನಿಂದ ಹಿಡಿದು ತೆರೆದಿಡುತ್ತದೆ. ಕುಡಿದು ಬಂದ ರಾತ್ರಿ ಈ ಮುಸುಕನ್ನು ಹಾಕಿಕೊಳ್ಳಲು ಮರೆಯುವುದು, ನಿದ್ದೆಗಣ್ಣಿನಲ್ಲಿ ಕಿತ್ತೆಸೆಯುವುದು ಸಾಮಾನ್ಯ. ಎಂದರೆ ಚಿಕಿತ್ಸೆ ಹೆಚ್ಚು ಬೇಕಾದ ರಾತ್ರಿಯೇ ಅದು ತಪ್ಪಿಹೋಗುತ್ತದೆ. ಕುಡಿದು ವಾಂತಿಯಾಗುವ ಸ್ಥಿತಿಯಲ್ಲಿರುವವರು ಮುಸುಕು ಧರಿಸಿ ಮಲಗುವುದು ಅಪಾಯವೂ ಹೌದು.

ನಿದ್ರೆ ಮಾತ್ರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಡುರಾತ್ರಿ ಎಚ್ಚರವಾಗುತ್ತದೆ ಎಂದು ಕೆಲವರು ಅಂಗಡಿಯಿಂದ ನಿದ್ರೆ ಮಾತ್ರೆ ತಂದು ನುಂಗುತ್ತಾರೆ. ಅಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದವು ಮದ್ಯದಂತೆಯೇ ಗಾಬಾದ ಮೂಲಕ ಕೆಲಸ ಮಾಡುತ್ತವೆ. ಎರಡೂ ಸೇರಿದರೆ ಗಂಟಲು ಮುಚ್ಚುವುದಷ್ಟೇ ಅಲ್ಲ, ಉಸಿರಾಡು ಎಂಬ ಮೆದುಳಿನ ಆಜ್ಞೆಯೇ ಕ್ಷೀಣಿಸಬಹುದು. ಇವೆರಡನ್ನು ಎಂದಿಗೂ ಒಟ್ಟಿಗೆ ತೆಗೆದುಕೊಳ್ಳಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ಗೊರಕೆ ಮತ್ತು ಮದ್ಯದ ಅಭ್ಯಾಸ ಎರಡನ್ನೂ ಅರಿವಳಿಕೆ ವೈದ್ಯರಿಗೆ ತಿಳಿಸುವುದೂ ಇದೇ ಕಾರಣಕ್ಕೆ ಅಗತ್ಯ.

ಬಿಟ್ಟರೆ ಏನಾಗುತ್ತದೆ, ಏನಾಗುವುದಿಲ್ಲ

ಮೇಲಿನ ಉದಾಹರಣೆಯ ಗೃಹಸ್ಥರು ಮದ್ಯವನ್ನು ಬಿಟ್ಟರು ಎಂದುಕೊಳ್ಳೋಣ. ಗಂಟಲಿನ ಸ್ನಾಯುಗಳ ಮೇಲಿನ ನೇರ ಪರಿಣಾಮ ಮದ್ಯಸಾರ ದೇಹದಿಂದ ಹೋದ ರಾತ್ರಿಯಿಂದಲೇ ಇರುವುದಿಲ್ಲ. ಗೊರಕೆಯ ಅಬ್ಬರವೂ ಉಸಿರು ನಿಲ್ಲುವ ಹೊತ್ತೂ ತಗ್ಗುವುದನ್ನು ಪತ್ನಿ ಬೇಗನೆ ಗಮನಿಸಬಹುದು. ಆದರೆ ಅವರಿಗೆ ಸ್ವತಃ "ನಿದ್ದೆ ಬರುತ್ತಿಲ್ಲ" ಎನ್ನಿಸಬಹುದು. ವರ್ಷಗಟ್ಟಲೆ ಮದ್ಯದಿಂದಲೇ ನಿದ್ರೆಗೆ ಜಾರಿದ ಮೆದುಳಿಗೆ ಅದಿಲ್ಲದೆ ಜಾರುವುದನ್ನು ಮತ್ತೆ ಕಲಿಯಲು ಕೆಲವು ವಾರ ಬೇಕು. ಈ ಅವಧಿಯ ನಿದ್ರಾಹೀನತೆಯನ್ನು ಕಂಡು "ಕುಡಿದಾಗಲೇ ಚೆನ್ನಾಗಿತ್ತು" ಎಂದು ಹಿಂದಿರುಗುವವರು ಬಹಳ. ಇದು ಕಳೆದುಹೋಗುವ ಹಂತ ಎಂದು ಮೊದಲೇ ತಿಳಿದಿದ್ದರೆ ತಡೆದುಕೊಳ್ಳುವುದು ಸುಲಭ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು ಯಾರ ಒತ್ತಾಯಕ್ಕೂ ಒಮ್ಮೆಲೇ ಮದ್ಯವನ್ನು ನಿಲ್ಲಿಸಬಾರದು. ಅಂಥವರಲ್ಲಿ ನಿಲ್ಲಿಸಿದ ಒಂದರಿಂದ ಮೂರು-ನಾಲ್ಕು ದಿನಗಳಲ್ಲಿ ನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೆ ಎರವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ, ಅಗತ್ಯವಿದ್ದರೆ ಆಸ್ಪತ್ರೆಯಲ್ಲಿದ್ದು ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರ ಬಳಿಯೂ ಇದಕ್ಕೆ ಚಿಕಿತ್ಸೆಯಿದೆ.

ಮದ್ಯ ಬಿಟ್ಟ ಮಾತ್ರಕ್ಕೆ ಎಲ್ಲರ ಸ್ಲೀಪ್ ಆಪ್ನಿಯಾ ಪೂರ್ಣವಾಗಿ ಹೋಗುತ್ತದೆ ಎಂದೂ ಹೇಳಲಾಗದು. ದಪ್ಪ ಕುತ್ತಿಗೆ, ಚಿಕ್ಕ ದವಡೆ, ಅಧಿಕ ತೂಕ ಹಾಗೆಯೇ ಉಳಿದಿರುತ್ತವೆ. ಒಂದು ಲೋಟವನ್ನೂ ಮುಟ್ಟದವರಲ್ಲಿಯೂ ಈ ಕಾಯಿಲೆಯಿದೆ. ಆದುದರಿಂದ ಗೊರಕೆ ಹೊಡೆಯುವವರನ್ನೆಲ್ಲ ಕುಡುಕರೆಂದು ಶಂಕಿಸುವುದು ಅನ್ಯಾಯ. ಮದ್ಯ ಬಿಟ್ಟ ಕೆಲವು ವಾರಗಳ ನಂತರವೂ ಉಸಿರು ನಿಲ್ಲುವುದು ಕಂಡರೆ ನಿದ್ರಾ ಪರೀಕ್ಷೆ ಮಾಡಿಸಲೇಬೇಕು. ಜೊತೆಗೆ ತೂಕವನ್ನು ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು, ತಲೆದಿಂಬಿನ ಕಡೆಯನ್ನು ತುಸು ಎತ್ತರಿಸುವುದು, ಮೂಗು ಕಟ್ಟುವ ಅಲರ್ಜಿಯಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯುವುದು ಇವೆಲ್ಲ ಗಂಟಲಿನ ದಾರಿಯನ್ನು ತೆರೆದಿಡಲು ನೆರವಾಗುತ್ತವೆ.

ಕೊನೆಯದಾಗಿ, ಮದುವೆ ಅಥವಾ ಹಬ್ಬದ ರಾತ್ರಿ ಯಾರಾದರೂ ಮಿತಿ ಮೀರಿ ಕುಡಿದು ಮಲಗಿದ್ದರೆ "ಮಲಗಲಿ ಬಿಡಿ" ಎಂದು ಕೋಣೆಯ ಬಾಗಿಲೆಳೆದು ಹೋಗಬಾರದು. ಅವರನ್ನು ಮಗ್ಗುಲಾಗಿ ತಿರುಗಿಸಿ, ಮೇಲಿನ ಮೊಣಕಾಲನ್ನು ಮುಂದಕ್ಕೆ ಮಡಿಸಿ, ಮುಖ ತುಸು ಕೆಳಗೆ ಬಾಗಿರುವಂತೆ ಮಲಗಿಸಬೇಕು. ಹೀಗೆ ಮಲಗಿದರೆ ನಾಲಿಗೆ ಹಿಂದಕ್ಕೆ ಬೀಳುವುದಿಲ್ಲ, ವಾಂತಿಯಾದರೂ ಶ್ವಾಸನಾಳಕ್ಕೆ ಇಳಿಯುವುದಿಲ್ಲ. ಜೊತೆಯಲ್ಲಿ ಒಬ್ಬರು ಕುಳಿತಿರಬೇಕು. ಕೂಗಿ, ಭುಜ ಅಲುಗಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರುಗಳ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ, ತುಟಿ ಅಥವಾ ಉಗುರು ನೀಲಿಗಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಗೊರಕೆ ನಿಂತಿತೆಂದು ಸಮಾಧಾನಪಡುವ ಮುನ್ನ ಉಸಿರು ನಡೆಯುತ್ತಿದೆಯೇ ಎಂದು ಮೂಗಿನ ಬಳಿ ಕೈಯಿಟ್ಟು ನೋಡಬೇಕು.